ಮಾಫಿಗೂ ಖೇದಕ್ಕೂ ನಡುವೆ ‘ಸಾರಿ’

ಗೋರಖ್‌ಪುರದ ಹೆಂಗಸೊಬ್ಬರು ತಂಗಿಯ ಮಗಳ ಮದುವೆಗೆಂದು ಆನ್‌ಲೈನ್‌ನಲ್ಲಿ ಸೀರೆ ತರಿಸಿದ್ದರು. ಬರಬೇಕಾದ ದಿನ ಕಳೆದು ಐದು ದಿನವಾದರೂ ಸೀರೆಯ ಸುಳಿವಿರಲಿಲ್ಲ. ಮದುವೆಗೆ ಉಳಿದದ್ದು ನಾಲ್ಕೇ ದಿನ. ಅವರು ಅಂಗಡಿಯ ಚಾಟ್ ತೆರೆದು, ತಮ್ಮ ಊರಿನ ಹಿಂದಿಯಲ್ಲಿ, ಇದ್ದದ್ದನ್ನು ಇದ್ದಂತೆ ಬರೆದರು. ಅತ್ತ ಕಡೆಯ ಹುಡುಗ ಸಿದ್ಧ ಉತ್ತರಗಳ ಪಟ್ಟಿಯಿಂದ ಎರಡು ವಾಕ್ಯ ಆರಿಸಿ ಕಳಿಸಿದ: “ಮುಝೆ ಯಹ್ ಸುನ್‌ಕರ್ ಖೇದ್ ಹೈ. ಆಪ್‌ಕೋ ಹುಯೀ ಅಸುವಿಧಾ ಕೇ ಲಿಯೇ ಹಮ್ ಕ್ಷಮಾ ಚಾಹ್ತೇ ಹೈಂ.” ಇದನ್ನು ಕೇಳಿ ನನಗೆ ಖೇದವಾಗಿದೆ, ನಿಮಗಾದ ಅನನುಕೂಲಕ್ಕೆ ನಾವು ಕ್ಷಮೆ ಬಯಸುತ್ತೇವೆ ಎಂದು. ಉತ್ತರ ತಕ್ಷಣವೇ ಬಂತು: “ಕ್ಷಮಾ ರಹ್‌ನೇ ದೀಜಿಯೇ. ಸಾಡೀ ಕಹಾಂ ಹೈ?” ಕ್ಷಮೆ ಹಾಗಿರಲಿ, ಸೀರೆ ಎಲ್ಲಿ?

ಆ ಚಾಟ್ ನನ್ನ ಮೇಜಿಗೆ ಬಂದದ್ದು ದೂರಿನ ರೂಪದಲ್ಲಿ. ಆಗ ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ ಇಂಥ ಸಿದ್ಧ ಉತ್ತರಗಳ ಹಿಂದಿಯನ್ನು ತಿದ್ದುವ ಕೆಲಸದಲ್ಲಿದ್ದೆ. ನಮ್ಮ ಮನೆಮಾತು ಹುಬ್ಬಳ್ಳಿಯ ಕನ್ನಡ. ಆದರೆ ಅಪ್ಪನ ರೈಲ್ವೆ ನೌಕರಿ ಇಟಾರ್ಸಿಯಲ್ಲಿದ್ದುದರಿಂದ ನನ್ನ ಶಾಲೆ, ಜಗಳ, ಗೆಳೆತನ ಎಲ್ಲ ಹಿಂದಿಯಲ್ಲೇ ಆದವು. ಆ ಎರಡು ವಾಕ್ಯಗಳಲ್ಲಿ ವ್ಯಾಕರಣದ ತಪ್ಪೊಂದೂ ಇರಲಿಲ್ಲ. ಆದರೂ ಇಟಾರ್ಸಿಯ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಯಾರೂ, ಯಾರಿಗೂ, ಯಾವತ್ತೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮೂಲ ಇಂಗ್ಲಿಷಿನಲ್ಲಿ ಆ ಎರಡೂ ವಾಕ್ಯಗಳು ‘ಸಾರಿ’ ಎಂಬ ಒಂದೇ ಪದದ ಮೇಲೆ ನಿಂತಿದ್ದವು. ಹಿಂದಿಗೆ ಬರುವ ದಾರಿಯಲ್ಲಿ ಆ ಪದ ಒಡೆದುಹೋಗಿತ್ತು.

‘ಸಾರಿ’ಯ ಬೇರು ಹಳೆಯ ಇಂಗ್ಲಿಷಿನಲ್ಲಿ ನೋವು, ಹುಣ್ಣು ಎಂಬ ಅರ್ಥದ ಪದದಲ್ಲಿದೆ. ಈಗಿನ ಇಂಗ್ಲಿಷಿನಲ್ಲಿ ಹುಣ್ಣಿಗೆ ಹೇಳುವ ‘ಸೋರ್’ ಇದರ ದಾಯಾದಿ. ಅಂದರೆ ಸಾರಿ ಎಂದವನು ಮೂಲತಃ ಹೇಳುವುದು ತನ್ನೊಳಗಿನ ಸ್ಥಿತಿಯನ್ನು: ನನಗೆ ನೋವಾಗಿದೆ. ಆ ನೋವಿಗೆ ಕಾರಣ ನಾನೇ ಇರಬಹುದು, ವಿಧಿಯೂ ಇರಬಹುದು, ಪದಕ್ಕೆ ಅದರ ಗೊಡವೆಯಿಲ್ಲ. ಹಾಗಾಗಿಯೇ ಇಂಗ್ಲಿಷಿನವರು ಕಾಲು ತುಳಿದಾಗಲೂ ಸಾರಿ ಎನ್ನುತ್ತಾರೆ, ಗೆಳೆಯನ ತಂದೆ ತೀರಿಕೊಂಡಾಗಲೂ ಎನ್ನುತ್ತಾರೆ. ಮಾತು ಕೇಳಿಸದಿದ್ದರೆ ಅದನ್ನೇ ಪ್ರಶ್ನೆಯ ದನಿಯಲ್ಲಿ ಹೇಳುತ್ತಾರೆ, ‘ಆಗುವುದಿಲ್ಲ’ ಎನ್ನುವ ಮುಂಚೆ ಮೆತ್ತಗಾಗಲೆಂದು ಸೇರಿಸುತ್ತಾರೆ.

ಹಿಂದಿಯಲ್ಲಿ ಈ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಮಾತಿದೆ. ಕೇಳಿಸದಿದ್ದರೆ ‘ಜೀ?’ ಎಂದರಾಯಿತು. ಸಾವಿನ ಸುದ್ದಿ ಬಂದರೆ ‘ಸುನ್‌ಕರ್ ಬಹುತ್ ದುಖ್ ಹುವಾ’, ನಾವು ‘ಕೇಳಿ ತುಂಬಾ ದುಃಖವಾಯ್ತು’ ಎಂದ ಹಾಗೆಯೇ. ಗುರುತಿಲ್ಲದವರನ್ನು ತಡೆದು ದಾರಿ ಕೇಳಬೇಕಾದರೆ ‘ಭೈಯ್ಯಾ, ಝರಾ ಸುನಿಯೇ’. ಅಲ್ಲಿ ‘ಝರಾ’ ಎಂಬ ಸಣ್ಣ ಪದವೇ, ನಮ್ಮ ‘ಸ್ವಲ್ಪ’ದಂತೆ, ತೊಂದರೆ ಕೊಡುತ್ತಿದ್ದೇನೆ ಎಂಬ ಸಂಕೋಚವನ್ನು ಹೊತ್ತುಕೊಳ್ಳುತ್ತದೆ. ಈ ಯಾವ ಜಾಗದಲ್ಲೂ ಕ್ಷಮೆಯ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ನಿಘಂಟು ‘ಸಾರಿ’ಯ ಎದುರಿಗೆ ಬರೆಯುವ ಮಾಫಿ, ಕ್ಷಮಾ, ಖೇದ್ ಮೂರೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮಾಫಿಯ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಎಡವುವುದು ಹೆಚ್ಚಾಗಿ ಅಲ್ಲೇ. ‘ಮಾಫ್’ ಅರಬ್ಬಿಯಿಂದ ಬಂದದ್ದು. ಹೊಣೆಯಿಂದ ಬಿಡುಗಡೆಯಾದದ್ದು, ವಿನಾಯಿತಿ ಪಡೆದದ್ದು ಎಂದು ಅರ್ಥ. ನಮ್ಮ ಕೋರ್ಟುಗಳ ‘ಮಾಫಿ ಸಾಕ್ಷಿ’ಯಲ್ಲಿ ಇದೇ ಪದವಿದೆ. ನಾವು ಸಾಲ ಮನ್ನಾ ಎನ್ನುವುದನ್ನು ಹಿಂದಿಯವರು ‘ಕರ್ಜ್ ಮಾಫಿ’ ಎನ್ನುತ್ತಾರೆ. ಹೀಗಾಗಿ ‘ಮಾಫ್ ಕೀಜಿಯೇ’ ಎಂದವನು ತನ್ನ ಮನಸ್ಸಿನ ಸ್ಥಿತಿಯನ್ನು ವರ್ಣಿಸುತ್ತಿಲ್ಲ, ಎದುರಿನವರಿಂದ ಒಂದು ಕೆಲಸ ಕೇಳುತ್ತಿದ್ದಾನೆ. ನನ್ನ ತಲೆಯ ಮೇಲೊಂದು ಸಾಲವಿದೆ, ಅದನ್ನು ಮನ್ನಾ ಮಾಡಿ ಎಂದು. ಸಂಸ್ಕೃತದ ‘ಕ್ಷಮಾ’ ಕೂಡ ಇದೇ ಜಾತಿಯದು. ಅದರ ಧಾತುವಿಗೆ ತಾಳಿಕೊಳ್ಳುವುದು, ಸಹಿಸುವುದು ಎಂದರ್ಥ, ಎಲ್ಲವನ್ನೂ ಹೊರುವ ಭೂಮಿಗೂ ಅದೇ ಹೆಸರುಂಟು. ಅಲ್ಲಿಯೂ ಭಾರ ಹೊರಬೇಕಾದವರು ಕೇಳಿಸಿಕೊಂಡವರೇ.

ಇದರಿಂದ ಎರಡು ಪರಿಣಾಮಗಳಾಗುತ್ತವೆ. ಮೊದಲನೆಯದು, ತಪ್ಪಿಲ್ಲದ ಕಡೆ ಮಾಫಿ ಕೇಳಿದರೆ ಇಲ್ಲದ ತಪ್ಪೊಂದು ಹುಟ್ಟಿಕೊಳ್ಳುತ್ತದೆ. ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಎಂದು ಗೆಳತಿ ಬರೆದಾಗ ‘ಮಾಫ್ ಕರನಾ’ ಎಂದು ಉತ್ತರಿಸಿದರೆ, ನೀನೇನು ಮಾಡಿದೆ ಎಂದು ಆಕೆ ಕಕ್ಕಾಬಿಕ್ಕಿಯಾಗುವುದು ಸಹಜ. ಎರಡನೆಯದು, ಕೋಪದಲ್ಲಿರುವವರ ಮುಂದೆ ಇಟ್ಟ ಮಾಫಿ ಅವರ ಮೇಲೇ ಇನ್ನೊಂದು ಹೊರೆಯಾಗುತ್ತದೆ. ಸೀರೆ ಬಾರದೆ ಕಂಗಾಲಾಗಿರುವವರಿಗೆ, ಮೊದಲು ನಮ್ಮನ್ನು ಮನ್ನಿಸುವ ಕೆಲಸ ಮುಗಿಸಿ ಎಂದಂತೆ. ಗೋರಖ್‌ಪುರದವರು ‘ರಹ್‌ನೇ ದೀಜಿಯೇ’ ಎಂದು ಪಕ್ಕಕ್ಕೆ ಸರಿಸಿದ್ದು ಆ ಹೊರೆಯನ್ನೇ.

ಕೇಳುವ ಕೆಲಸವಾದ್ದರಿಂದ ಮಾಫಿಗೆ ಕ್ರಿಯಾಪದದ ಎಲ್ಲ ಮೆಟ್ಟಿಲುಗಳೂ ಅಂಟಿಕೊಂಡಿವೆ. ‘ಸಾರಿ’ಗೆ ಇರುವುದು ಒಂದೇ ರೂಪ, ರಾಜನಿಗೂ ಅದೇ, ರಿಕ್ಷಾದವನಿಗೂ ಅದೇ. ಹಿಂದಿಯಲ್ಲಿ ‘ಮಾಫ್ ಕರ್’ ಏಕವಚನ, ‘ಮಾಫ್ ಕರೋ’ ಸಲಿಗೆ, ‘ಮಾಫ್ ಕೀಜಿಯೇ’ ಗೌರವ, ‘ಮಾಫ್ ಕೀಜಿಯೇಗಾ’ ಇನ್ನೂ ಹೆಚ್ಚಿನ ಗೌರವ. ಇವುಗಳಲ್ಲಿ ‘ಮಾಫ್ ಕರೋ’ಗೆ ಇನ್ನೊಂದು ಬದುಕಿದೆ. ಬಾಗಿಲಿಗೆ ಬಂದ ಭಿಕ್ಷುಕರಿಗೆ ‘ಮಾಫ್ ಕರೋ ಬಾಬಾ’ ಎಂದರೆ, ನಾವು ‘ಮುಂದೆ ಹೋಗಪ್ಪ’ ಎಂದಂತೆ. ಒಮ್ಮೆ ನಮ್ಮ ಪಟ್ಟಿಯಲ್ಲಿ ಗೆಳೆತನದ ಧಾಟಿ ಇರಲೆಂದು ಯಾರೋ ‘ಮಾಫ್ ಕರೋ’ ಸೇರಿಸಿದ್ದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಕಾನ್ಪುರದ ಸಹೋದ್ಯೋಗಿ, ನಾವೆಲ್ಲ ದೀದಿ ಎನ್ನುತ್ತಿದ್ದವರು, ಅದನ್ನು ಓದಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. “ಗಿರಾಕಿಯನ್ನು ಬಾಗಿಲಿಂದಲೇ ಸಾಗಹಾಕುತ್ತಿದ್ದೇವಲ್ಲ!” ಎಂದರು. ಆ ಸಾಲನ್ನು ಅವತ್ತೇ ತೆಗೆಸಿದರು.

ಇದಕ್ಕಿಂತ ಸೂಕ್ಷ್ಮವಾದದ್ದು ‘ಮಾಫ್ ಕೀಜಿಯೇ’ಗೂ ‘ಮಾಫ್ ಕರ್ ದೀಜಿಯೇ’ಗೂ ಇರುವ ಅಂತರ. ಮೊದಲನೆಯದು ಈಗ ಬಳಸಿ ಬಳಸಿ ಹಗುರಾಗಿದೆ. ‘ಮಾಫ್ ಕೀಜಿಯೇ, ಆದರೆ ನಾನು ಒಪ್ಪುವುದಿಲ್ಲ’ ಎಂದು ವಾದಕ್ಕಿಳಿಯುವಾಗಲೂ ಬರುತ್ತದೆ. ‘ದೀಜಿಯೇ’ ಸೇರಿದೊಡನೆ ಅದು ‘ಕ್ಷಮಿಸಿಬಿಡಿ’ ಆಗುತ್ತದೆ. ನಿಜವಾಗಿ ತಪ್ಪು ಮಾಡಿದವನು ತಲೆತಗ್ಗಿಸಿ ಬೇಡುವ ಮಾತು ಅದು. ಕನ್ನಡದ ‘ಬಿಡು’ ಮಾಡುವ ಕೆಲಸವನ್ನೇ ಅಲ್ಲಿ ‘ದೇನಾ’ ಮಾಡುತ್ತದೆ. ಸಾರಿಗೆ ಸರಿಸಮವಾಗಿ ಎಲ್ಲೆಡೆ ಒಂದೇ ರೂಪ ತುರುಕಿದರೆ, ದೊಡ್ಡ ತಪ್ಪಿಗೆ ಹಗುರ ಮಾತು, ಸಣ್ಣ ತಡಕ್ಕೆ ದೊಡ್ಡ ಬೇಡಿಕೆ ಆಗಿಬಿಡುತ್ತದೆ.

ಇನ್ನು ಖೇದ್. ಇದು ಮಾಫಿಯ ತದ್ವಿರುದ್ಧ, ಎದುರಿನವರನ್ನು ಏನನ್ನೂ ಕೇಳುವುದಿಲ್ಲ. ‘ಖೇದ್ ಹೈ’ ಎಂದರೆ ಖೇದವಿದೆ, ಅಷ್ಟೇ. ಹೀಗೆ ನೋಡಿದರೆ ಇಂಗ್ಲಿಷಿನ ‘ಸಾರಿ’ಗೆ ಅರ್ಥದಲ್ಲಿ ಹತ್ತಿರವಿರುವುದು ಇದೇ. ಆದರೂ ಇದೇ ಹೆಚ್ಚು ತಣ್ಣಗೆ ಕೇಳಿಸುತ್ತದೆ, ಏಕೆಂದರೆ ಇದನ್ನು ಆಡುವುದು ಮನುಷ್ಯರಲ್ಲ, ಸಂಸ್ಥೆಗಳು. ಇಟಾರ್ಸಿ ಜಂಕ್ಷನ್ನಿನ ಧ್ವನಿವರ್ಧಕದಲ್ಲಿ ಬಾಲ್ಯವಿಡೀ ನಾನು ಕೇಳಿದ್ದು ಗಾಡಿ ಇಷ್ಟು ತಡವಾಗಿದೆ, ಅಸುವಿಧೆಗೆ ಖೇದ್ ಹೈ ಎಂಬ ಪ್ರಕಟಣೆಗಳನ್ನು. ಅದನ್ನು ಕೇಳಿ ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ, ಹಾಸಿದ ಚಾದರದ ಮೇಲೆ ಮಗ್ಗುಲು ಬದಲಿಸುತ್ತಿದ್ದರು. ಪತ್ರಿಕೆಯ ತಿದ್ದುಪಡಿ, ಸರ್ಕಾರಿ ನಿರಾಕರಣೆಯ ಪತ್ರ, ಇವೆಲ್ಲ ಖೇದದ ಊರುಗಳು.

ಖೇದ ಪಟ್ಟರೆ ಕ್ಷಮೆ ಕೇಳಿದಂತಾಯಿತೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕವೂ ಹೋಗಿದೆ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ, ರಫೇಲ್ ಕುರಿತ ಕೋರ್ಟಿನ ಆದೇಶಕ್ಕೆ ತಮ್ಮ ಘೋಷಣೆಯನ್ನು ತಳಕು ಹಾಕಿ ಮಾತಾಡಿದ್ದಕ್ಕೆ ರಾಹುಲ್ ಗಾಂಧಿ ನ್ಯಾಯಾಂಗ ನಿಂದನೆಯ ಮೊಕದ್ದಮೆ ಎದುರಿಸಿದರು. ಅವರ ಮೊದಲ ಪ್ರಮಾಣಪತ್ರಗಳಲ್ಲಿ ಇದ್ದದ್ದು ವಿಷಾದ. ವಿಷಾದವು ಕ್ಷಮಾಪಣೆಯಲ್ಲ ಎಂದು ಎದುರು ಪಕ್ಷದ ವಕೀಲರು ಪಟ್ಟು ಹಿಡಿದರು. ಮೇ ತಿಂಗಳಲ್ಲಿ ಅವರು ಬೇಷರತ್ ಕ್ಷಮೆ ಕೋರಿ ಹೊಸ ಪ್ರಮಾಣಪತ್ರ ಸಲ್ಲಿಸಿದರು. ಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ ನಡೆದಿತ್ತು. ಹಿಂದಿಯಲ್ಲಿ ಅದನ್ನು ಓದುತ್ತಿದ್ದವರಿಗೆ ಆ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಒಂದು ಖೇದ್, ಇನ್ನೊಂದು ಮಾಫಿ.

ಹಾಗಿದ್ದೂ ಚಾಟ್‌ಗಳಲ್ಲಿ ಖೇದ್ ಇಷ್ಟೊಂದು ಏಕೆ ಹರಡಿಕೊಂಡಿತು? ಸಿದ್ಧ ಉತ್ತರ ಬರೆಯುವವರ ಕಷ್ಟ ನನಗೆ ಗೊತ್ತಿರುವುದರಿಂದ ಕಾರಣವೂ ಗೊತ್ತು. ಹಿಂದಿಯಲ್ಲಿ ‘ನಾನು ಕ್ಷಮೆ ಬಯಸುತ್ತೇನೆ’ ಎನ್ನಬೇಕಾದರೆ ಗಂಡಸು ‘ಚಾಹ್ತಾ ಹೂಂ’ ಎನ್ನಬೇಕು, ಹೆಂಗಸು ‘ಚಾಹ್ತೀ ಹೂಂ’ ಎನ್ನಬೇಕು. ಒಂದೇ ವಾಕ್ಯವನ್ನು ನೂರು ಜನ ಒತ್ತಿ ಕಳಿಸುವ ಕಡೆ ಯಾವುದನ್ನು ಬರೆಯುವುದು? ಕನ್ನಡದ ‘ಬಯಸುತ್ತೇನೆ’ಗೆ ಲಿಂಗವಿಲ್ಲ, ಹಾಗಾಗಿ ನಮ್ಮ ಪಕ್ಕದ ಕನ್ನಡ ತಂಡಕ್ಕೆ ಈ ತಲೆನೋವೇ ಇರಲಿಲ್ಲ. ಹಿಂದಿಯವರಿಗೆ ‘ಮುಝೆ ಖೇದ್ ಹೈ’ ಒಂದು ಸುರಕ್ಷಿತ ಗುಡಿಸಲಾಯಿತು. ಅಲ್ಲಿ ಹೇಳುವವರು ಗಂಡೋ ಹೆಣ್ಣೋ ತೋರಬೇಕಿಲ್ಲ, ಕೇಳುವವರಿಗೆ ‘ತುಮ್’ ಎನ್ನಬೇಕೋ ‘ಆಪ್’ ಎನ್ನಬೇಕೋ ಎಂಬ ಪ್ರಶ್ನೆಯೂ ಏಳುವುದಿಲ್ಲ. ಎಲ್ಲರಿಗೂ ಹೊಂದುವ ವಾಕ್ಯ ಹೀಗೆ ಸಿಕ್ಕಿತು, ಆದರೆ ಯಾರದ್ದೂ ಅಲ್ಲದ ದನಿಯಲ್ಲಿ.

ಹಾಗಾದರೆ ಹಿಂದಿಯವರು ತಪ್ಪೊಪ್ಪಿಕೊಳ್ಳುವುದು ಹೇಗೆ? ಹೆಚ್ಚಾಗಿ ‘ಹೋ ಗಯೀ’ ಎಂಬ ಕ್ರಿಯೆಯಿಂದ. ‘ಮುಝ್‌ಸೇ ಗಲತೀ ಹೋ ಗಯೀ’, ನನ್ನಿಂದ ತಪ್ಪಾಗಿಹೋಯಿತು. ಕನ್ನಡಿಗರಿಗೆ ಇದು ಅಂಗೈಯಷ್ಟು ಪರಿಚಿತ. ಚಿಕ್ಕಂದಿನಲ್ಲಿ ನಾವೆಲ್ಲ ‘ತಪ್ಪಾಯ್ತು’ ಎಂದೇ ಪಾರಾದವರು, ‘ಕ್ಷಮಿಸು ಅಮ್ಮಾ’ ಎಂದವರಲ್ಲ. ಇಂಗ್ಲಿಷ್ ಕಿವಿಗೆ ಇದು ಜಾರಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ, ತಪ್ಪು ಮಾಡಿದೆ ಎನ್ನದೆ ತಪ್ಪಾಯಿತು ಎನ್ನುವುದೆಂದರೇನು ಎಂದು. ಆದರೆ ಹಿಂದಿಯಲ್ಲಿ ‘ಗಿಲಾಸ್ ತೋಡ್ ದಿಯಾ’ ಎಂದರೆ ಲೋಟವನ್ನು ಒಡೆದುಹಾಕಿದೆ, ಸಿಟ್ಟಿನಿಂದಲೋ ಬೇಕೆಂದೋ ಎಂಬ ನೆರಳು ಬರುತ್ತದೆ. ‘ಮುಝ್‌ಸೇ ಟೂಟ್ ಗಯಾ’ ಎಂದರೆ ಉದ್ದೇಶವಿರಲಿಲ್ಲ, ಆದರೆ ಆದದ್ದು ನನ್ನ ಕೈಯಿಂದಲೇ. ಒಂದೇ ಉಸಿರಿನಲ್ಲಿ ಎರಡೂ ಸತ್ಯ. ‘ಸಾರಿ’ಗೆ ಇಷ್ಟು ನಿಖರವಾಗಿ ಹೇಳಲು ಬರುವುದಿಲ್ಲ ಎಂದೇ ನಾನು ನಂಬಿದ್ದೇನೆ.

ಜಾರಿಕೊಳ್ಳುವುದು ಆರಂಭವಾಗುವುದು ‘ಮುಝ್‌ಸೇ’ ಕಳಚಿದಾಗ. ‘ಆರ್ಡರ್ ಕ್ಯಾನ್ಸಲ್ ಹೋ ಗಯಾ ಹೈ’ ಎಂದರೆ ಆರ್ಡರು ತಾನಾಗಿಯೇ ರದ್ದಾದಂತೆ. ‘ಹಮ್‌ಸೇ ಕ್ಯಾನ್ಸಲ್ ಹೋ ಗಯಾ’ ಎಂದರೆ ನಮ್ಮಿಂದಾಯಿತು ಎಂದು. ಚಾಟ್ ಓದುವಾಗ ನಾನು ಮೊದಲು ಹುಡುಕುತ್ತಿದ್ದುದು ಈ ‘ಸೇ’ ಎಂಬ ಒಂದಕ್ಷರವನ್ನೇ. ಅದಿಲ್ಲದ ಕಡೆ ಎಷ್ಟು ಸಲ ಕ್ಷಮೆ ಕೇಳಿದ್ದರೂ ಗಿರಾಕಿಯ ಮುಂದಿನ ಸಾಲು ಬಹುಮಟ್ಟಿಗೆ ಮೊದಲಿನ ದೂರನ್ನೇ ಮತ್ತೆ ಹೇಳುತ್ತಿತ್ತು. ದೂರು ಮರುಕಳಿಸಿತೆಂದರೆ ಕ್ಷಮೆ ತಲುಪಿಲ್ಲ ಎಂದೇ ಲೆಕ್ಕ.

ಇಷ್ಟೆಲ್ಲ ಹೇಳುವಾಗ, ಹಿಂದಿಯವರು ದಿನಕ್ಕೆ ಹತ್ತು ಸಲ ‘ಸಾರಿ’ ಎನ್ನುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಎನ್ನುತ್ತಾರೆ. ‘ಸಾರಿ ಯಾರ್, ಲೇಟ್ ಹೋ ಗಯಾ’ ಎಂಬ ಸಾಲಿಲ್ಲದ ವಾಟ್ಸಾಪ್ ಗುಂಪು ದೆಹಲಿಯಲ್ಲಾಗಲಿ ಲಖನೌದಲ್ಲಾಗಲಿ ಇರಲಾರದು. ಆದರೆ ಆ ಸಾರಿ ಹಿಂದಿಯ ಪದವಾಗಿ ಬೇರೆಯೇ ತೂಕ ಪಡೆದಿದೆ. ಮಾಫಿ ತೀರಾ ಭಾರ, ಖೇದ್ ತೀರಾ ಕಚೇರಿಯದ್ದು, ಇವೆರಡರ ನಡುವೆ ಖಾಲಿಯಿದ್ದ ಹಗುರ ಜಾಗಕ್ಕೆ ಅದು ಬಂದು ಕೂತಿತು. ತಡವಾದದ್ದು, ತಪ್ಪು ಫೋಟೋ ಕಳಿಸಿದ್ದು, ಕರೆ ಎತ್ತದೆ ಹೋದದ್ದು, ಇಂಥವಕ್ಕೆ ಸಾಕು. ಸಾವಿಗೆ ಒಲ್ಲದು, ದೊಡ್ಡ ತಪ್ಪಿಗೆ ಸಾಲದು. ಹಿರಿಯರ ಮುಂದೆ ಬರಿಯ ಸಾರಿ ಎಂದರೆ ಉಡಾಫೆಯಂತೆಯೂ ಕೇಳಿಸಬಹುದು. ಪದ ಗಡಿ ದಾಟಿ ಬಂತು, ಅದರ ಅರ್ಥಗಳಲ್ಲಿ ಕಾಲುಪಾಲು ಮಾತ್ರ ಜೊತೆಗೆ ಬಂತು.

ಮತ್ತೆ, ಹತ್ತಿರದವರ ನಡುವೆ ಮಾತಿನ ಕ್ಷಮೆಯೇ ಒಂದು ದೂರವೆನಿಸುವುದುಂಟು. 1989ರ ‘ಮೈನೇ ಪ್ಯಾರ್ ಕಿಯಾ’ ಚಿತ್ರದಲ್ಲಿ, ಸ್ನೇಹದಲ್ಲಿ ಸಾರಿ ಮತ್ತು ಥ್ಯಾಂಕ್ಯೂ ಎರಡೂ ಬೇಡ ಎಂಬರ್ಥದ ಮಾತೊಂದಿದೆ. ಅದು ಜನರ ಬಾಯಲ್ಲಿ ಗಾದೆಯಂತೆ ಉಳಿಯಿತು, ಏಕೆಂದರೆ ಮನೆಗಳಲ್ಲಿ ಮೊದಲೇ ನಡೆಯುತ್ತಿದ್ದುದನ್ನು ಅದು ಹೇಳಿತ್ತು. ಭಾಷಾವಿಜ್ಞಾನಿ ಮಹದೇವ ಆಪ್ಟೆ 1974ರಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಲ್ಲಿ ಧನ್ಯವಾದದ ಬಗ್ಗೆ ಬರೆದ ಲೇಖನದಲ್ಲಿ, ಕುಟುಂಬದೊಳಗೆ ಬಾಯಿಬಿಟ್ಟು ವಂದನೆ ಹೇಳುವ ರೂಢಿ ಇಲ್ಲಿಲ್ಲ ಎಂದು ತೋರಿಸಿದರು. ಕ್ಷಮೆಯ ಕಥೆಯೂ ಅದರ ಜೊತೆಯದೇ. ಗಂಡಹೆಂಡಿರ ಜಗಳದ ಮರುದಿನ ಫೋನಿನಲ್ಲಿ ‘ಖಾನಾ ಖಾಯಾ?’ ಎಂದು ಬರುತ್ತದೆ. ಊಟವಾಯಿತೇ ಎಂಬ ಆ ಎರಡು ಪದ ಓದಿದವರಿಗೆ ಯಾರು ಸೋತು ಬಂದಿದ್ದಾರೆ ಎಂಬುದು ಅರ್ಥವಾಗಿರುತ್ತದೆ.

ಮತ್ತೆ ಗೋರಖ್‌ಪುರದ ಸೀರೆಗೆ ಬರುತ್ತೇನೆ. ದೀದಿಯೂ ನಾನೂ ಕೂತು ಆ ಉತ್ತರವನ್ನು ಬಿಡಿಸಿದೆವು. 1980ರ ದಶಕದಲ್ಲಿ ಶೋಷನಾ ಬ್ಲುಮ್-ಕುಲ್ಕಾ ಮತ್ತವರ ಜೊತೆಗಾರರು ಹಲವು ಭಾಷೆಗಳ ಕ್ಷಮಾಪಣೆಗಳನ್ನು ಹೋಲಿಸಿ, ಅವುಗಳಲ್ಲಿ ಐದು ಬಗೆಯ ತುಂಡುಗಳಿರುತ್ತವೆ ಎಂದಿದ್ದರು: ಕ್ಷಮೆಯ ಸೂತ್ರವಾಕ್ಯ, ಕಾರಣ, ಹೊಣೆ, ಪರಿಹಾರ, ಮುಂದೆ ಹೀಗಾಗದೆಂಬ ಮಾತು. ಅವರು ನೋಡಿದ ಭಾಷೆಗಳಲ್ಲಿ ಹಿಂದಿ ಇರಲಿಲ್ಲ, ಆದರೂ ಅಳತೆಗೋಲು ಉಪಯೋಗಕ್ಕೆ ಬಂತು. ನಮ್ಮ ಹುಡುಗ ಕಳಿಸಿದ ಎರಡೂ ವಾಕ್ಯಗಳು ಬರೀ ಸೂತ್ರಗಳು. ಉಳಿದ ನಾಲ್ಕು ತುಂಡುಗಳಲ್ಲಿ ಒಂದೂ ಇರಲಿಲ್ಲ. ಅಸುವಿಧಾ ಎಂಬ ಪದವಂತೂ ಮದುವೆ ಮನೆಯ ಆತಂಕವನ್ನು ತಡವಾದ ರೈಲಿನ ಮಟ್ಟಕ್ಕೆ ಇಳಿಸಿತ್ತು.

ನಾವು ಮೊದಲು ಬರೆದದ್ದು ಹೀಗಿತ್ತು: ‘ಅರೇ, ಘರ್ ಮೇಂ ಶಾದೀ ಹೈ ಔರ್ ಸಾಡೀ ಅಬ್ ತಕ್ ನಹೀಂ ಪಹುಂಚೀ. ಹಮ್‌ಸೇ ಚೂಕ್ ಹುಯೀ ಹೈ. ಅಭೀ ಪತಾ ಕರ್‌ಕೇ ಬತಾತೇ ಹೈಂ.’ ಮನೆಯಲ್ಲಿ ಮದುವೆ, ಸೀರೆ ಇನ್ನೂ ತಲುಪಿಲ್ಲ, ನಮ್ಮಿಂದ ಲೋಪವಾಗಿದೆ, ಈಗಲೇ ವಿಚಾರಿಸಿ ಹೇಳುತ್ತೇವೆ. ಆಕೆ ಹೇಳಿದ ಸಂಗತಿಯನ್ನೇ ಎತ್ತಿ ಮೊದಲು ಹೇಳಿದ್ದರಿಂದ ‘ಸುನ್‌ಕರ್ ಖೇದ್’ ಬೇಕಾಗಲಿಲ್ಲ, ಕೇಳಿಸಿಕೊಂಡದ್ದು ಅಲ್ಲೇ ಗೊತ್ತಾಗುತ್ತಿತ್ತು. ‘ಬತಾತೇ ಹೈಂ’ ಎಂಬ ಬಹುವಚನದಿಂದ ಗಂಡುಹೆಣ್ಣಿನ ತೊಡಕೂ ಕಳೆಯಿತು. ದೀದಿ ಒಂದು ಕಡೆ ಗೆರೆ ಎಳೆದರು. ‘ಅಭೀ’ ಎಂಬ ಪದದ ಕೆಳಗೆ. ಹಿಂದಿಯ ‘ಅಭೀ’ಗೆ ಐದು ನಿಮಿಷವೂ ಸೈ, ಸಾಯಂಕಾಲವೂ ಸೈ. ಗಿರಾಕಿ ಅದನ್ನು ಈ ಕ್ಷಣ ಎಂದುಕೊಂಡು ಕಾದು ಕೂತರೆ ಅದು ಹೊಸ ತಪ್ಪಾಗುತ್ತದೆ. ಅದನ್ನು ತೆಗೆದು ‘ದಸ್ ಮಿನಟ್ ಮೇಂ’ ಎಂದು ಬರೆದೆವು. ಅಷ್ಟರೊಳಗೆ ಸುದ್ದಿ ಸಿಗದಿದ್ದರೂ, ಸಿಗಲಿಲ್ಲ ಎಂದು ಹತ್ತನೆಯ ನಿಮಿಷಕ್ಕೆ ಬರೆಯಬೇಕು ಎಂಬ ಸೂಚನೆಯನ್ನು ಪಕ್ಕದಲ್ಲಿ ಸೇರಿಸಿದೆವು.

ಮಾಫಿಯನ್ನು ಎಲ್ಲಿಡುವುದೆಂಬ ಬಗ್ಗೆ ಇಬ್ಬರಿಗೂ ಒಮ್ಮತವಿರಲಿಲ್ಲ. ಇಂಗ್ಲಿಷಿನ ಪಟ್ಟಿಯಲ್ಲಿ ಅದು ಯಾವಾಗಲೂ ಮೊದಲ ಸಾಲು. ಕೊನೆಯಲ್ಲಾದರೂ ಇರಲಿ ಎಂದು ನಾನು, ಸೀರೆ ಕೈಸೇರಿದ ಮೇಲೆ ಬರುವ ಸಂದೇಶದಲ್ಲಿರಲಿ ಎಂದು ದೀದಿ. “ಸಾಲ ತೀರಿಸಿದ ಮೇಲೆ ಬಡ್ಡಿ ಮನ್ನಾ ಮಾಡಿ ಎಂದು ಕೇಳಬಹುದು, ಅಸಲೇ ಕೊಡದೆ ಹೇಗೆ ಕೇಳುತ್ತೀಯಾ?” ಎಂದರು. ಅವರ ಮಾತೇ ನಡೆಯಿತು. ‘ಮಾಫ್ ಕೀಜಿಯೇಗಾ’ ಸಿದ್ಧ ಉತ್ತರಗಳ ಪಟ್ಟಿಯಲ್ಲಿ, ವಸ್ತು ತಲುಪಿದೆ ಎಂದು ಖಚಿತವಾದ ಬಳಿಕ ಕಳಿಸುವ ಸಾಲಿಗೆ ಹೋಯಿತು.

ಆ ಸೀರೆ ಮದುವೆಯ ಹಿಂದಿನ ಸಂಜೆ ತಲುಪಿತು. ಸಂದೇಶವೂ ಹೋಯಿತು. ಗೋರಖ್‌ಪುರದಿಂದ ಬಂದ ಉತ್ತರದಲ್ಲಿ ಕ್ಷಮಿಸಿದೆ ಎಂದೇನೂ ಇರಲಿಲ್ಲ. ‘ಚಲಿಯೇ, ಆ ಗಯೀ’ ಎಂದಷ್ಟೇ ಇತ್ತು. ಆಯ್ತು ಬಿಡಿ, ಬಂತಲ್ಲ.